ತಿದ್ದಿಸಿದ ಬಾಣ ಮತ್ತೆ ಮೊದಲಿನಂತಾಗುವುದೇಕೆ?

ಪ್ರಶ್ನೆ: ನಾನು ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಬ್ಯಾಕೆಂಡ್ ಡೆವಲಪರ್. ಮಲ್ಪೆ ದಕ್ಕೆಯ ಮೀನಿನ ಏಲಂ ಲೆಕ್ಕಕ್ಕೆ ಒಂದು ಆ್ಯಪ್ ಮಾಡುತ್ತಿದ್ದೇವೆ. ಅದರ ಆರ್ಕಿಟೆಕ್ಚರ್ ಡಯಾಗ್ರಾಮ್ ಬ್ಯಾಂಕಿನ ಸೆಕ್ಯುರಿಟಿ ತಂಡಕ್ಕೆ ಹೋಗಬೇಕು. ಉಡುಪಿಯ ಡಿಸೈನರ್ ಮೇಡಂ ಒಬ್ಬರು ಅದನ್ನು ಬಿಡಿಸಿಕೊಡುತ್ತಿದ್ದಾರೆ. ನಾನು 17 ತಿದ್ದುಪಡಿಗಳ ಪಟ್ಟಿಯನ್ನು ಮೇಲ್ ಮಾಡಿದೆ, ಅವರು ಎಲ್ಲವನ್ನೂ ತಿದ್ದಿದರು. ಆದರೆ ಅದರ ಮುಂದಿನ ಪ್ರತಿಯಲ್ಲಿ ಪೇಮೆಂಟ್ ಗೇಟ್‌ವೇಯ ಎರಡು ಬಾಣಗಳು ಮತ್ತೆ ಒಂದಾಗಿದ್ದವು, ತಿರುಗಿಸಿದ್ದ ಇನ್ನೊಂದು ಬಾಣ ಮೊದಲಿನ ದಿಕ್ಕಿಗೇ ಬಂದಿತ್ತು. ಕೇಳಿದರೆ "ಗಿಜಿಗಿಜಿ ಕಾಣುತ್ತಿತ್ತು, ಅದಕ್ಕೆ ಸರಿ ಮಾಡಿದೆ" ಎಂದರು. ಪ್ರತಿಯೊಂದಕ್ಕೂ ಕಾರಣ ಬರೆದರೆ ಅವರಿಗೆ ಪಾಠ ಹೇಳಿದಂತಾಗುವುದಿಲ್ಲವೇ? ಫೋನಿನಲ್ಲೇ ಹೇಳಿಬಿಡುವುದು ಒಳ್ಳೆಯದೇ? ಮೇಲ್ ಹೇಗಿರಬೇಕು?

ಉತ್ತರ: ನೀವು ಕಳಿಸಿದ ಮೇಲನ್ನೂ ಡಯಾಗ್ರಾಮ್‌ನ ಎರಡು ಪ್ರತಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಡಿಸೈನರ್ ಅವರ ಕೆಲಸದಲ್ಲಿ ನನಗೆ ತಪ್ಪು ಕಾಣಲಿಲ್ಲ. ನಿಮ್ಮ ಪಟ್ಟಿಯ ಒಂಬತ್ತನೆಯ ಸಾಲು "ಗೇಟ್‌ವೇ ಬಾಣ ಎರಡು ಮಾಡಿ" ಎಂದಷ್ಟೇ ಹೇಳುತ್ತದೆ, ಹದಿಮೂರನೆಯದು "ಎಡಗಡೆಯ ಬಾಣ ಉಲ್ಟಾ ಮಾಡಿ" ಎನ್ನುತ್ತದೆ. ಎರಡು ಬಾಕ್ಸ್‌ಗಳ ನಡುವೆ ಹೋಗುವ ಮತ್ತು ಬರುವ ಗೆರೆಗಳನ್ನು ಎರಡು ತುದಿಯ ಒಂದೇ ಬಾಣವಾಗಿ ಸೇರಿಸಿ ಚಿತ್ರವನ್ನು ಹಗುರ ಮಾಡುವುದು ಡಿಸೈನರ್ ಕಲಿತ ವಿದ್ಯೆಯೇ ಆಗಿರುವಾಗ, ಆ ಎರಡು ಗೆರೆಗಳ ಅರ್ಥ ಬೇರೆಬೇರೆ ಎಂದು ಯಾರೂ ಹೇಳದಿದ್ದರೆ ಅವರು ಮುಂದಿನ ಸಲ ಫೈಲ್ ತೆರೆದಾಗ ಅದನ್ನು ಮತ್ತೆ ಸೇರಿಸುವುದು ಸಹಜ. ನಿಮ್ಮ ತಿದ್ದುಪಡಿ ಅವರಿಗೆ ಒಂದು ಅಭಿರುಚಿಯ ಮಾತಿನಂತೆ ಕೇಳಿಸಿದೆ, ಅದಕ್ಕೆ ಅವರು ತಮ್ಮ ಅಭಿರುಚಿಯಿಂದ ಉತ್ತರ ಕೊಟ್ಟಿದ್ದಾರೆ.

ಕಾರಣ ಬರೆದರೆ ಪಾಠ ಹೇಳಿದಂತಾಗುತ್ತದೆ ಎಂಬ ಅಂಜಿಕೆಯನ್ನು ಬಹಳಷ್ಟು ಡೆವಲಪರ್‌ಗಳಲ್ಲಿ ಕಂಡಿದ್ದೇನೆ. ವೆಬ್‌ಹುಕ್ ಎಂದರೇನು, ಕ್ಯೂ ಹೇಗೆ ಕೆಲಸ ಮಾಡುತ್ತದೆ ಎಂದು ಒಂದು ಪುಟ ಬರೆದರೆ ಅದು ಪಾಠವೇ ಆಗುತ್ತದೆ, ಡಿಸೈನರ್‌ಗೆ ಅದರ ಅಗತ್ಯವೂ ಇಲ್ಲ. ತಿದ್ದುಪಡಿಗೆ ಬೇಕಾದ ಕಾರಣ ಬೇರೆ ಬಗೆಯದು. ಈ ಚಿತ್ರವನ್ನು ಯಾರು ನೋಡುತ್ತಾರೆ, ಈಗಿರುವಂತೆಯೇ ನೋಡಿದರೆ ಅವರು ಯಾವ ತಪ್ಪು ಕೆಲಸ ಮಾಡುತ್ತಾರೆ, ಇಷ್ಟನ್ನು ಎರಡು ವಾಕ್ಯದಲ್ಲಿ ಹೇಳಿದರೆ ಸಾಕು. ಓದುಗನ ಕಣ್ಣು ಎಲ್ಲಿ ಎಡವುತ್ತದೆ ಎಂಬುದು ಡಿಸೈನರ್ ದಿನವೂ ಯೋಚಿಸುವ ವಿಷಯವಾದ್ದರಿಂದ, ಈ ಬಗೆಯ ಕಾರಣ ಅವರಿಗೆ ಉಪಕಾರವಾಗುತ್ತದೆ.

ಇದನ್ನು ನಾನು ಕಲಿತದ್ದು ಎರಡು ದಿನ ಕಳೆದುಕೊಂಡ ಮೇಲೆ. ಕೆಲವು ವರ್ಷಗಳ ಹಿಂದೆ ಒಂದು ಗ್ರಾಹಕ ಸಂಸ್ಥೆಗೆ ನಾವು ಮಾಡಿಕೊಟ್ಟ ವ್ಯವಸ್ಥೆಯಲ್ಲಿ, ನಮ್ಮ ಸರ್ವರ್ ದಿನಕ್ಕೊಮ್ಮೆ ಬ್ಯಾಂಕಿನ ಸರ್ವರನ್ನು ಸಂಪರ್ಕಿಸಿ ಖಾತೆಯ ಲೆಕ್ಕವನ್ನು ತರಬೇಕಿತ್ತು. ಡಯಾಗ್ರಾಮ್‌ನಲ್ಲಿ ಬಾಣ ಬ್ಯಾಂಕಿನಿಂದ ನಮ್ಮ ಕಡೆಗೆ ಇತ್ತು, ಏಕೆಂದರೆ ಲೆಕ್ಕ ಬರುವುದು ಆ ಕಡೆಯಿಂದ. ನಾನು ತಿರುಗಿಸಲು ಹೇಳಿದೆ, ಏಕೆಂದು ಹೇಳಲಿಲ್ಲ. ಡಿಸೈನರ್ ತಿರುಗಿಸಿದರು. ಮುಂದಿನ ಪ್ರತಿಯಲ್ಲಿ ಅಕ್ಕಪಕ್ಕದ ಬಾಣಗಳ ಸಾಲಿಗೆ ಹೊಂದುವಂತೆ ಅದು ಮತ್ತೆ ಮೊದಲಿನ ದಿಕ್ಕಿಗೆ ಬಂತು, ಆ ಪ್ರತಿಯೇ ಗ್ರಾಹಕರ ನೆಟ್‌ವರ್ಕ್ ವಿಭಾಗಕ್ಕೆ ಹೋಯಿತು. ಅವರು ಬಾಣ ನೋಡಿ ಫೈರ್‌ವಾಲ್ ತೆರೆಯುವವರು. ಬಾಣ ಒಳಕ್ಕೆ ಬರುತ್ತಿದೆ ಎಂದು ಒಳಬರುವ ಸಂಪರ್ಕಕ್ಕೆ ಅನುಮತಿ ಕೊಟ್ಟರು, ಹೊರಹೋಗುವುದು ಮುಚ್ಚಿಯೇ ಇತ್ತು. ನಾವು `curl -v` ಕೊಟ್ಟರೆ `Trying` ಎಂಬ ಸಾಲು ಬಂದು, ಬಹಳ ಹೊತ್ತು ಕಾದ ಮೇಲೆ `Connection timed out` ಎಂದು ಬರುತ್ತಿತ್ತು. ಪಾಸ್‌ವರ್ಡ್ ತಪ್ಪಿದ್ದರೆ ಅಥವಾ ಆ ಕಡೆಯ ಸರ್ವರ್ ನಿರಾಕರಿಸಿದ್ದರೆ ಏನಾದರೊಂದು ಉತ್ತರ ಬರುತ್ತಿತ್ತು. ಉತ್ತರವೇ ಇಲ್ಲದೆ ಕಾಯುತ್ತಿದೆ ಎಂದರೆ ನಡುವೆ ಯಾರೋ ದಾರಿ ಮುಚ್ಚಿದ್ದಾರೆ ಎಂದು ಮೊದಲು ಅನುಮಾನಿಸಬೇಕು. ನಾವು ಅನುಮಾನಿಸಲಿಲ್ಲ, ಏಕೆಂದರೆ ನೆಟ್‌ವರ್ಕಿನವರು ಡಯಾಗ್ರಾಮ್‌ನ ಪ್ರಕಾರವೇ ತೆರೆದಿದ್ದೇವೆ ಎಂದಿದ್ದರು, ಅದು ನಿಜವೂ ಆಗಿತ್ತು.

ಅಲ್ಲಿ ಬಾಣ ಎರಡು ಬಗೆಯಲ್ಲೂ ಸರಿಯೇ. ಡೇಟಾ ಯಾವ ಕಡೆಗೆ ಹರಿಯುತ್ತದೆ ಎಂದು ತೋರಿಸುವುದು ಒಂದು ರೂಢಿ, ಸಂಪರ್ಕವನ್ನು ಯಾರು ಆರಂಭಿಸುತ್ತಾರೆ ಎಂದು ತೋರಿಸುವುದು ಇನ್ನೊಂದು ರೂಢಿ. ಒಂದೇ ಚಿತ್ರದಲ್ಲಿ ಎರಡೂ ಕಲೆತಾಗ ಮಾತ್ರ ಅದು ಸುಳ್ಳು ಹೇಳತೊಡಗುತ್ತದೆ. ನಿಮ್ಮ ಡಯಾಗ್ರಾಮ್‌ನಲ್ಲಿ ಆಗಿರುವುದೂ ಇದೇ. ಆ್ಯಪ್‌ನಿಂದ ಸರ್ವರ್‌ಗೆ ಇರುವ ಬಾಣ ಯಾರು ಕರೆಯುತ್ತಾರೆ ಎಂಬುದನ್ನು ಹೇಳಿದರೆ, ಕ್ಯೂನಿಂದ ವರ್ಕರ್‌ಗೆ ಇರುವ ಬಾಣ ಏನು ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಆದ್ದರಿಂದ ಒಂದೊಂದೇ ಬಾಣವನ್ನು ತಿದ್ದಿಸುವ ಮೊದಲು ಬಾಣದ ಅರ್ಥವನ್ನು ಮೇಲ್‌ನ ತಲೆಯಲ್ಲೇ ಒಂದು ವಾಕ್ಯದಲ್ಲಿ ಗೊತ್ತುಮಾಡಿ. ಸೆಕ್ಯುರಿಟಿ ತಂಡ ನೋಡುವ ಚಿತ್ರಕ್ಕೆ ಸಂಪರ್ಕ ಆರಂಭಿಸುವವರಿಂದ ಬಾಣ ಹೊರಡುವ ರೂಢಿಯೇ ಒಳ್ಳೆಯದು, ಏಕೆಂದರೆ ಫೈರ್‌ವಾಲ್ ನಿಯಮಗಳು ಬರೆಯಲ್ಪಡುವುದೂ ಅದೇ ಲೆಕ್ಕದಲ್ಲಿ.

ನಿಮ್ಮ ಹದಿನೇಳು ಸಾಲುಗಳಲ್ಲಿ ಅರ್ಥವನ್ನು ಬದಲಿಸುವವು ಐದು ಮಾತ್ರ. ಉಳಿದವು ಬಣ್ಣ, ಅಂತರ, ಕಾಗುಣಿತ. ಎಲ್ಲವೂ ಒಂದೇ ಸಾಲಿನಲ್ಲಿ ಒಂದೇ ಗಾತ್ರದಲ್ಲಿ ನಿಂತಿದ್ದರಿಂದ, "ಲೋಗೋ ಸ್ವಲ್ಪ ಚಿಕ್ಕದಾಗಲಿ" ಎಂಬುದಕ್ಕೂ "ಗೇಟ್‌ವೇ ಬಾಣ ಎರಡು ಮಾಡಿ" ಎಂಬುದಕ್ಕೂ ತೂಕದ ವ್ಯತ್ಯಾಸ ತಿಳಿಯುವಂತಿರಲಿಲ್ಲ. ನಿಮ್ಮದೇ ವಿಷಯವನ್ನು ಇಟ್ಟುಕೊಂಡು ಆ ಮೇಲನ್ನು ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ:

> ವಿಷಯ: ಏಲಂ ಆ್ಯಪ್ ಡಯಾಗ್ರಾಮ್ `elam-arch-v3.pdf`: ಅರ್ಥ ಬದಲಿಸುವ 5 ತಿದ್ದುಪಡಿ, ಸಣ್ಣಪುಟ್ಟವು 1
>
> ನಮಸ್ಕಾರ ಮೇಡಂ,
>
> ಮೂರನೆಯ ಪ್ರತಿ ತಲುಪಿತು. ಬಾಕ್ಸ್‌ಗಳನ್ನು ನೀವು ಮೂರು ಗುಂಪಾಗಿ ಜೋಡಿಸಿದ ರೀತಿಯಿಂದ ಬ್ಯಾಂಕಿನವರಿಗೆ ನಮ್ಮದು ಯಾವುದು, ಹೊರಗಿನದು ಯಾವುದು ಎಂದು ತಕ್ಷಣ ತಿಳಿಯುತ್ತದೆ. ಅದನ್ನು ಹಾಗೆಯೇ ಇಡಿ. ಕೆಳಗಿನ ಸಂಖ್ಯೆಗಳನ್ನೇ ಲಗತ್ತಿಸಿರುವ ಚಿತ್ರದ ಮೇಲೂ ಕೆಂಪು ವೃತ್ತದಲ್ಲಿ ಬರೆದಿದ್ದೇನೆ. 1 ಮತ್ತು 4 ನನ್ನ ಕೈಬರಹದ ಸ್ಕೆಚ್‌ನಲ್ಲೇ ಇದ್ದ ತಪ್ಪುಗಳು.
>
> ಇಡೀ ಚಿತ್ರಕ್ಕೆ ಒಂದು ನಿಯಮ: ಬಾಣ ಯಾವಾಗಲೂ ಸಂಪರ್ಕವನ್ನು ಆರಂಭಿಸುವ ಬಾಕ್ಸ್‌ನಿಂದ ಹೊರಡಬೇಕು. ಬ್ಯಾಂಕಿನ ನೆಟ್‌ವರ್ಕ್ ವಿಭಾಗದವರು ಬಾಣ ನೋಡಿಯೇ ಫೈರ್‌ವಾಲ್ ತೆರೆಯುತ್ತಾರೆ. ಈ ನಿಯಮವನ್ನು ಚಿತ್ರದ ಮೂಲೆಯಲ್ಲಿ ಒಂದು ಸಾಲಾಗಿ ಬರೆದುಬಿಡಿ.
>
> 1. *ಕ್ಯೂ ಮತ್ತು ವರ್ಕರ್ ನಡುವಿನ ಬಾಣ.* ಈಗ ಕ್ಯೂನಿಂದ ವರ್ಕರ್‌ಗೆ ಇದೆ. ವರ್ಕರ್‌ನಿಂದ ಕ್ಯೂಗೆ ಆಗಬೇಕು. ಕಾರಣ: ಕ್ಯೂ ತಾನಾಗಿ ಯಾರನ್ನೂ ಕರೆಯುವುದಿಲ್ಲ, ವರ್ಕರ್ ಹೋಗಿ ಕೆಲಸ ಇದೆಯೇ ಎಂದು ಕೇಳಿ ತರುತ್ತದೆ. ಈಗಿರುವಂತೆ ನೋಡಿದವರು ವರ್ಕರ್‌ಗೆ ಹೊರಗಿನಿಂದ ಬರುವ ಬಾಗಿಲು ಬೇಕು ಎಂದುಕೊಂಡು, ಬೇಡದ ದಾರಿಯನ್ನು ತೆರೆಯುತ್ತಾರೆ.
>
> 2. *ನಮ್ಮ ಸರ್ವರ್ ಮತ್ತು ಪೇಮೆಂಟ್ ಗೇಟ್‌ವೇ ನಡುವಿನ ಬಾಣ.* ಈಗ ಎರಡು ತುದಿಯ ಒಂದು ಬಾಣವಿದೆ. ಎರಡು ಪ್ರತ್ಯೇಕ ಬಾಣಗಳು ಬೇಕು. ಸರ್ವರ್‌ನಿಂದ ಗೇಟ್‌ವೇಗೆ ಹೋಗುವುದಕ್ಕೆ "ಪಾವತಿ ಆರಂಭ" ಎಂದೂ, ಗೇಟ್‌ವೇಯಿಂದ ಸರ್ವರ್‌ಗೆ ಬರುವುದಕ್ಕೆ "ವೆಬ್‌ಹುಕ್: ಪಾವತಿ ಆದ ಸುದ್ದಿ" ಎಂದೂ ಹೆಸರಿರಲಿ. ಕಾರಣ: ಇವು ಒಂದೇ ಮಾತುಕತೆಯ ಎರಡು ತುದಿಗಳಲ್ಲ. ಎರಡನೆಯದು ನಿಮಿಷಗಳ ನಂತರ, ಬೇರೆಯೇ ಸಂಪರ್ಕವಾಗಿ ಹೊರಗಿನಿಂದ ಬರುತ್ತದೆ, ಅದಕ್ಕೆ ಬೇರೆಯೇ ಅನುಮತಿ ಬೇಕು. ಒಂದೇ ಬಾಣವಿದ್ದರೆ ಆ ಅನುಮತಿಯನ್ನು ಯಾರೂ ಕೊಡುವುದಿಲ್ಲ. ಗಿರಾಕಿಯ ಖಾತೆಯಿಂದ ಹಣ ಹೋಗಿರುತ್ತದೆ, ನಮ್ಮ ಆ್ಯಪ್ ಮಾತ್ರ "ಬಾಕಿ" ಎಂದು ತೋರಿಸುತ್ತಿರುತ್ತದೆ. ಜಾಗ ಇಕ್ಕಟ್ಟಾಗುವುದಾದರೆ ಗೇಟ್‌ವೇ ಬಾಕ್ಸನ್ನು ಎಲ್ಲಿಗೆ ಬೇಕಾದರೂ ಸರಿಸಿ, ಬಾಣಗಳನ್ನು ಮಾತ್ರ ಸೇರಿಸಬೇಡಿ. ಆ್ಯಪ್‌ನಿಂದ ಗೇಟ್‌ವೇಗೆ ನೇರವಾಗಿ ಇರುವ ಬಾಣ ಸರಿಯಾಗಿದೆ.
>
> 3. *ಕ್ಯಾಶ್, ಎಂದರೆ ಪದೇ ಪದೇ ಬೇಕಾಗುವ ಡೇಟಾವನ್ನು ಇಟ್ಟುಕೊಳ್ಳುವ `cache` ಬಾಕ್ಸ್.* ಈಗ ಸರ್ವರ್ ಮತ್ತು ಡೇಟಾಬೇಸ್ ನಡುವೆ ಒಂದೇ ಗೆರೆಯ ಮೇಲೆ ಕೂತಿದೆ. ಸರ್ವರ್‌ನಿಂದ ಕ್ಯಾಶ್‌ಗೆ ಒಂದು, ಡೇಟಾಬೇಸ್‌ಗೆ ಒಂದು, ಹೀಗೆ ಎರಡು ಬಾಣಗಳು ಬೇಕು. ಕಾರಣ: ಕ್ಯಾಶ್ ನಿಂತುಹೋದರೆ ನಮ್ಮ ವ್ಯವಸ್ಥೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಈಗಿನ ಚಿತ್ರ ನೋಡಿದರೆ ಕ್ಯಾಶ್ ಹೋದರೆ ಎಲ್ಲವೂ ಹೋಯಿತು ಎಂದು ತೋರುತ್ತದೆ, ಬ್ಯಾಂಕಿನವರು ಆ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ.
>
> 4. *ಮುಖ್ಯ ಡೇಟಾಬೇಸ್ ಮತ್ತು ಅದರ ಪ್ರತಿ.* ಈಗ ಎರಡು ತುದಿಯ ಬಾಣವಿದೆ. ಪ್ರತಿಯಿಂದ ಮುಖ್ಯ ಡೇಟಾಬೇಸ್‌ಗೆ ಒಂದು ತುದಿಯ ಬಾಣ ಬೇಕು, ಅದರ ಮೇಲೆ "ಬದಲಾವಣೆಗಳನ್ನು ಪಡೆಯುತ್ತದೆ" ಎಂದು ಬರೆಯಲೇಬೇಕು. ಕಾರಣ: ಬರೆಯುವುದು ಮುಖ್ಯ ಡೇಟಾಬೇಸ್‌ನಲ್ಲಿ ಮಾತ್ರ, ಪ್ರತಿ ಓದುವುದಕ್ಕೆ ಮಾತ್ರ. ಎರಡು ತುದಿಯ ಬಾಣ ಕಂಡವರು ಎರಡರಲ್ಲೂ ಬರೆಯಬಹುದು ಎಂದುಕೊಳ್ಳುತ್ತಾರೆ.
>
> 5. *ಹೊರಚೌಕಟ್ಟಿನ ಮೇಲಿನ `us-east-1` ಮತ್ತು ಡೇಟಾಬೇಸ್ ಕೆಳಗಿನ `10.0.2.15`.* ಮೊದಲನೆಯದು `ap-south-1` ಆಗಬೇಕು, ಎರಡನೆಯದನ್ನು ಅಳಿಸಬೇಕು. ಕಾರಣ: ಮೊದಲನೆಯದು ಅಮೆರಿಕದ ಹೆಸರು, ಟೆಂಪ್ಲೇಟಿನಿಂದ ಉಳಿದಿರಬೇಕು, ನಮ್ಮ ಸರ್ವರ್‌ಗಳು ಮುಂಬೈಯಲ್ಲಿವೆ. ಪಾವತಿಯ ಡೇಟಾ ದೇಶದೊಳಗೇ ಇರಬೇಕೆಂಬ ನಿಯಮ ಇರುವುದರಿಂದ ಬ್ಯಾಂಕಿನವರು ಮೊದಲು ನೋಡುವುದೇ ಆ ಸಾಲನ್ನು. ಎರಡನೆಯದು ಒಳಗಿನ ವಿಳಾಸ, ಹೊರಗೆ ಹೋಗುವ ಕಾಗದದಲ್ಲಿ ಇರಬಾರದು. ದಯವಿಟ್ಟು ಅದರ ಮೇಲೆ ಬಿಳಿ ಚೌಕ ಇಡದೆ, ಅಕ್ಷರಗಳನ್ನೇ ತೆಗೆಯಿರಿ.
>
> 6. *ಸಣ್ಣಪುಟ್ಟವು, ಸಮಯವಿದ್ದರೆ.* ಎರಡು ಕಡೆ "ಗೇಟವೇ" ಎಂದಾಗಿದೆ. ಲೋಗೋ ತುಸು ಚಿಕ್ಕದಾಗಬಹುದು. ಬಣ್ಣ ಮತ್ತು ಅಂತರ ನಿಮ್ಮ ತೀರ್ಮಾನಕ್ಕೆ ಬಿಟ್ಟದ್ದು.
>
> ಇವುಗಳಲ್ಲಿ ಯಾವುದಾದರೂ ಚಿತ್ರವನ್ನು ಕೆಡಿಸುತ್ತದೆ ಎನಿಸಿದರೆ ಬದಲಿಸುವ ಮೊದಲು ಒಂದು ಮಾತು ತಿಳಿಸಿ, ಅದೇ ಅರ್ಥ ಬರುವ ಇನ್ನೊಂದು ದಾರಿ ಹುಡುಕೋಣ. ಗುರುವಾರ ಸಂಜೆಯೊಳಗೆ `v4` ಸಿಕ್ಕಿದರೆ ಶುಕ್ರವಾರ ಬ್ಯಾಂಕಿಗೆ ಕಳಿಸುತ್ತೇನೆ.

ಈ ಮೇಲಿನಲ್ಲಿ ಪ್ರತಿ ಬಾಣವನ್ನೂ ಅದರ ಎರಡು ತುದಿಗಳ ಹೆಸರಿನಿಂದ ಗುರುತಿಸಿರುವುದನ್ನು ಗಮನಿಸಿ. "ಎಡಗಡೆಯ ಬಾಣ", "ನೀಲಿ ಬಾಣ" ಎಂದರೆ, ಡಿಸೈನರ್ ಒಂದು ಬಾಕ್ಸನ್ನು ಸರಿಸಿದ ಕೂಡಲೇ ಆ ಗುರುತು ಅಳಿಸಿಹೋಗುತ್ತದೆ, ಮೂರು ವಾರಗಳ ನಂತರ ಮೇಲ್ ತೆರೆದರೆ ನಿಮಗೇ ಯಾವ ಬಾಣವೆಂದು ತಿಳಿಯುವುದಿಲ್ಲ. ಹೆಸರುಗಳು ಚಿತ್ರ ಎಷ್ಟು ಬದಲಾದರೂ ಉಳಿಯುತ್ತವೆ. ನಿಮ್ಮ ಹದಿಮೂರನೆಯ ಸಾಲಿನ "ಎಡಗಡೆಯ ಬಾಣ" ಈಗ ಬಲಗಡೆಯಲ್ಲಿದೆ ಎಂಬುದನ್ನು ಎರಡು ಪ್ರತಿಗಳನ್ನು ಹೋಲಿಸಿದಾಗ ಕಂಡೆ.

ಎರಡನೆಯ ತಿದ್ದುಪಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ಆ್ಯಪ್‌ನಲ್ಲಿ ದುಡ್ಡು ಓಡಾಡುವುದು ಅಲ್ಲೇ. ಏಲಂ ಮುಗಿದು ವ್ಯಾಪಾರಿ ಮೊಬೈಲಿನಲ್ಲಿ ಹಣ ಕಟ್ಟಿದ ಕೂಡಲೇ ಅವರ ಪರದೆಯಲ್ಲಿ ಯಶಸ್ವಿ ಎಂದು ಕಾಣಬಹುದು, ಆದರೆ ಆ ಪರದೆಯ ಮಾತನ್ನು ಸರ್ವರ್ ನಂಬುವಂತಿಲ್ಲ. ಮೊಬೈಲ್ ನಮ್ಮ ಕೈಯಲ್ಲಿಲ್ಲ, ಅದು ಕಳಿಸುವ ಸುದ್ದಿಯನ್ನು ತಿರುಚಬಹುದು. ದಕ್ಕೆಯ ಗದ್ದಲದಲ್ಲಿ ನೆಟ್‌ವರ್ಕ್ ಕಡಿದುಹೋಗಿ ಸುದ್ದಿ ಬಾರದೆಯೂ ಇರಬಹುದು. ಗೇಟ್‌ವೇ ತಾನಾಗಿ ನಿಮ್ಮ ಸರ್ವರ್‌ಗೆ ಕಳಿಸುವ ವೆಬ್‌ಹುಕ್, ಅದರ ಜೊತೆಗೆ ಬರುವ ಸಹಿಯನ್ನು ಗುಟ್ಟಿನ ಕೀಲಿಯಿಂದ ತಾಳೆ ನೋಡಿದ ಮೇಲೆ, ನಂಬಬಹುದಾದ ಸುದ್ದಿ. ಅದೇ ಸುದ್ದಿ ಎರಡು ಸಲ ಬರುವುದೂ ಉಂಟು, ಆಗ ಒಂದೇ ಬುಟ್ಟಿ ಬಂಗುಡೆಗೆ ಎರಡು ಸಲ ಜಮಾ ಬರೆಯದಂತೆ ಸರ್ವರ್ ನೋಡಿಕೊಳ್ಳಬೇಕು. ಇಷ್ಟೆಲ್ಲವೂ ಡಿಸೈನರ್‌ಗೆ ಬೇಕಿಲ್ಲ, ಆದ್ದರಿಂದ ಮೇಲಿನಲ್ಲಿ ಸಹಿಯ ಮಾತೂ ಇಲ್ಲ, ಎರಡು ಸಲ ಬರುವ ಮಾತೂ ಇಲ್ಲ. ಅವರಿಗೆ ಬೇಕಾದದ್ದು ಎರಡನೆಯ ಬಾಣ ಕಾಣೆಯಾದರೆ ವ್ಯಾಪಾರಿಗೆ ಏನಾಗುತ್ತದೆ ಎಂಬುದಷ್ಟೇ. ಆ ಒಂದು ವಾಕ್ಯ ಓದಿದ ಡಿಸೈನರ್ ಯಾರೂ ಆ ಬಾಣಗಳನ್ನು ಮತ್ತೆ ಸೇರಿಸಿದ್ದನ್ನು ನಾನು ಕಂಡಿಲ್ಲ.

ನಾಲ್ಕನೆಯದು ನಿಮ್ಮನ್ನೂ ಗೊಂದಲಕ್ಕೆ ಸಿಲುಕಿಸಿದಂತಿದೆ, ನಿಮ್ಮ ಸ್ಕೆಚ್‌ನಲ್ಲಿ ಅಲ್ಲಿ ಬಾಣದ ತುದಿಯೇ ಇಲ್ಲ. ನೀವು ಬಳಸುತ್ತಿರುವುದು ಪೋಸ್ಟ್‌ಗ್ರೆಸ್. ಅದರ ಪ್ರತಿಕೃತಿಯ ವ್ಯವಸ್ಥೆಯಲ್ಲಿ ಪ್ರತಿಯೇ ಮುಖ್ಯ ಡೇಟಾಬೇಸನ್ನು ಸಂಪರ್ಕಿಸಿ ಬದಲಾವಣೆಗಳನ್ನು ತರಿಸಿಕೊಳ್ಳುತ್ತದೆ. ಹಾಗಾಗಿ ನಾವು ಗೊತ್ತುಮಾಡಿದ ನಿಯಮದ ಪ್ರಕಾರ ಬಾಣ ಪ್ರತಿಯಿಂದ ಮುಖ್ಯದ ಕಡೆಗೆ ಹೋಗಬೇಕು, ಡೇಟಾ ಮಾತ್ರ ಅದಕ್ಕೆ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಬರಿಯ ಬಾಣ ಹಾಕಿದರೆ ಪ್ರತಿಯು ಮುಖ್ಯದೊಳಕ್ಕೆ ಬರೆಯುತ್ತಿದೆ ಎಂದು ಓದಿಕೊಳ್ಳುವವರೇ ಹೆಚ್ಚು. ಇಂಥ ಕಡೆ ನಿಯಮವನ್ನು ಮುರಿಯುವ ಬದಲು ಗೆರೆಯ ಮೇಲೆ ಮಾತು ಬರೆಯುವುದು ಕ್ಷೇಮ, ಏಕೆಂದರೆ ಒಂದು ಬಾಣಕ್ಕೆ ವಿನಾಯಿತಿ ಕೊಟ್ಟರೆ ಉಳಿದ ಹನ್ನೆರಡು ಬಾಣಗಳನ್ನೂ ಓದುಗ ಅನುಮಾನದಿಂದ ನೋಡತೊಡಗುತ್ತಾನೆ. ಅದಕ್ಕಾಗಿಯೇ ಆ ಸಾಲಿನಲ್ಲಿ "ಬರೆಯಲೇಬೇಕು" ಎಂದು ಒತ್ತಿ ಹೇಳಿದ್ದೇನೆ, ಬೇರೆ ಯಾವ ಸಾಲಿನಲ್ಲೂ ಆ ಒತ್ತು ಇಲ್ಲ.

ಐದನೆಯದರಲ್ಲಿ ಹೇಳಿದ ನಿಯಮ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಹೊರಡಿಸಿದ್ದು. ಪಾವತಿ ವ್ಯವಸ್ಥೆಗಳನ್ನು ನಡೆಸುವ ಸಂಸ್ಥೆಗಳು ಪಾವತಿಗೆ ಸಂಬಂಧಿಸಿದ ಪೂರ್ಣ ಡೇಟಾವನ್ನು ಭಾರತದಲ್ಲಿರುವ ವ್ಯವಸ್ಥೆಗಳಲ್ಲೇ ಇಡಬೇಕು ಎಂಬುದು ಅದರ ತಿರುಳು. ನಿಮ್ಮ ಆ್ಯಪ್ ಅಂಥ ಸಂಸ್ಥೆಯಲ್ಲದಿದ್ದರೂ ಬ್ಯಾಂಕಿನವರು ತಮ್ಮ ಜೊತೆ ಜೋಡಿಸಿಕೊಳ್ಳುವವರೆಲ್ಲರಲ್ಲೂ ಅದನ್ನು ಹುಡುಕುತ್ತಾರೆ. ಒಂದು ಟೆಂಪ್ಲೇಟಿನ ಅಕ್ಷರಗಳಿಂದಾಗಿ ಅವರು ಕಡತವನ್ನೇ ಬದಿಗಿಡಬಹುದು. ಬಿಳಿ ಚೌಕದ ಮಾತು ಅತಿಯಾಯಿತೆಂದು ನಿಮಗೆ ಅನಿಸಿದರೆ, `elam-arch-v3.pdf` ತೆರೆದು ಕಾರ್ಟ್ ಎಂಬ ಬಾಕ್ಸ್‌ನ ಕೆಳಗಿನ ಖಾಲಿ ಜಾಗವನ್ನು ಮೌಸ್‌ನಿಂದ ಆಯ್ದು, ನಕಲು ಮಾಡಿ, ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಹಳೆಯ ಸರ್ವರ್‌ನ ಹೆಸರು ಪೂರ್ತಿಯಾಗಿ ಬರುತ್ತದೆ. ಪಿಡಿಎಫ್‌ನಲ್ಲಿ ಮುಚ್ಚಿದ ಅಕ್ಷರ ಅಡಗುವುದು ಕಣ್ಣಿಗೆ ಮಾತ್ರ.

ಇನ್ನು ಫೋನಿನ ವಿಚಾರ. ಕರೆ ಮಾಡುವುದು ತಪ್ಪಲ್ಲ. ನಾಲ್ಕನೆಯ ಬಾಣದಂಥ ತೊಡಕಿನ ವಿಷಯವನ್ನು ಐದು ನಿಮಿಷ ಮಾತಾಡಿದರೆ ಹತ್ತು ಮೇಲ್ ಉಳಿಯುತ್ತದೆ, ಉಡುಪಿಗೂ ಮಂಗಳೂರಿಗೂ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯಾದ್ದರಿಂದ ಒಮ್ಮೆ ಎದುರು ಕೂತರೂ ಒಳ್ಳೆಯದೇ. ಆದರೆ ಮಾತಿನಲ್ಲಿ ಹೇಳಿದ ಕಾರಣ ಫೈಲಿನ ಜೊತೆ ಹೋಗುವುದಿಲ್ಲ. ಮುಂದಿನ ತಿಂಗಳು ಆ ಡಯಾಗ್ರಾಮನ್ನು ಬೇರೆ ಡಿಸೈನರ್ ತೆರೆದರೆ, ಅಥವಾ ಅವರೇ ಬೇರೆ ಕೆಲಸಗಳ ನಡುವೆ ತೆರೆದರೆ, ನೀವು ಮೊದಲು ಪಟ್ಟ ಪಾಡನ್ನೇ ಮತ್ತೆ ಪಡುತ್ತೀರಿ. ಮಾತು ಮುಗಿದ ಕೂಡಲೇ ಅದೇ ಸಂಖ್ಯೆಗಳಲ್ಲಿ ಮೇಲ್ ಹೋಗಲೇಬೇಕು.

ಫಿಗ್ಮಾದಲ್ಲಿ ಕಾಮೆಂಟ್ ಹಾಕುವುದು ಜಾಗ ತೋರಿಸುವುದಕ್ಕೆ ಎಲ್ಲಕ್ಕಿಂತ ಚೆನ್ನ, ಬಾಣದ ಮೇಲೆಯೇ ಪಿನ್ ಕೂರುತ್ತದೆ. ಅದರ ಅಪಾಯವೆಂದರೆ, ಕೆಲಸ ಮುಗಿಯಿತೆಂದು ಗುರುತು ಹಾಕಿದ ಕೂಡಲೇ ಕಾಮೆಂಟ್ ಕಣ್ಣಿನಿಂದ ಮರೆಯಾಗುತ್ತದೆ, ಅದರೊಳಗಿದ್ದ ಕಾರಣವೂ ಅದರ ಜೊತೆಗೇ ಹೋಗುತ್ತದೆ. ನಿಮ್ಮಲ್ಲಿ ಬಾಣಗಳು ಹಿಂದಕ್ಕೆ ಹೋದದ್ದು ಎರಡನೆಯ ಸುತ್ತಿನಲ್ಲಿ ಎಂಬುದನ್ನು ನೆನೆಯಿರಿ. ಕಾಮೆಂಟ್ ಬಳಸುವುದಾದರೆ ಅದರಲ್ಲಿ "ಮೇಲ್‌ನ 2ನೆಯದು ನೋಡಿ" ಎಂದಷ್ಟೇ ಬರೆದು, ಕಾರಣವನ್ನು ಮೇಲಿನಲ್ಲೇ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಕೆಂಪು ಗೀಟು ಹಾಕಿದ ಸ್ಕ್ರೀನ್‌ಶಾಟ್ ಕಳಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಫೋಟೋವಾಗಿ ಕಳಿಸಿದಾಗ ಅದು ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರಗಳು ಮಸುಕಾಗಿ ಒಂದು ಪೋರ್ಟ್ ಸಂಖ್ಯೆ ಇನ್ನೊಂದರಂತೆ ಕಾಣುತ್ತದೆ.

ಇನ್ನೊಂದು ದಾರಿಯನ್ನು ಡೆವಲಪರ್‌ಗಳು ಇಷ್ಟಪಡುತ್ತಾರೆ: ಪಠ್ಯದಿಂದ ತಾನೇ ಚಿತ್ರ ಬಿಡಿಸುವ ಮರ್ಮೇಡ್‌ನಂಥ ಸಾಧನಕ್ಕೆ ಸಂಪರ್ಕಗಳನ್ನು ಪಠ್ಯದಲ್ಲಿ ಬರೆದುಕೊಡುವುದು. ನಿಮ್ಮ ಒಂದನೆಯ ಮತ್ತು ಎರಡನೆಯ ತಿದ್ದುಪಡಿಗಳು ಅದರಲ್ಲಿ ಇಷ್ಟೇ ಆಗುತ್ತವೆ:

```
flowchart LR
  API -->|create payment| Gateway
  Gateway -->|webhook| API
  Worker -->|fetch job| Queue
```

ಇಲ್ಲಿ ಬಾಣದ ದಿಕ್ಕಿನ ಬಗ್ಗೆ ಸಂಶಯಕ್ಕೆ ಎಡೆಯೇ ಇಲ್ಲ, ಎರಡು ಪ್ರತಿಗಳ ನಡುವೆ ಯಾವ ಸಾಲು ಬದಲಾಯಿತು ಎಂಬುದನ್ನು `git diff` ತೋರಿಸಿಬಿಡುತ್ತದೆ. ಆದರೆ ಬಾಕ್ಸ್‌ಗಳು ಎಲ್ಲಿ ಕೂರಬೇಕೆಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಹದಿನೈದು ಬಾಕ್ಸ್ ದಾಟಿದ ಮೇಲೆ ಗೆರೆಗಳು ಒಂದರ ಮೇಲೊಂದು ಹಾಯ್ದು, ಬ್ಯಾಂಕಿನವರ ಮುಂದೆ ಇಡುವಂಥ ಚಿತ್ರ ಬರುವುದಿಲ್ಲ, ಡಿಸೈನರ್ ಬೇಕಾಗಿರುವುದೇ ಅದಕ್ಕೆ. ಈ ಪಠ್ಯವನ್ನು ಡಿಸೈನರ್‌ಗೆ ತಾಳೆ ನೋಡಲು ಕೊಡಬಹುದು, ಆದರೆ ನೀವು ಪಠ್ಯವನ್ನು ಬದಲಿಸಿ ಚಿತ್ರಕ್ಕೆ ತಿಳಿಸದೆ ಬಿಟ್ಟರೆ ಒಂದೇ ವ್ಯವಸ್ಥೆಗೆ ಎರಡು ಸತ್ಯಗಳಾಗುತ್ತವೆ. ಹಾಗಾಗಿ ಪಠ್ಯ ಬದಲಾದ ದಿನವೇ ಡಿಸೈನರ್‌ಗೆ ಹೊಸ ಸಂಖ್ಯೆಯ ಒಂದು ಸಾಲು ಹೋಗುತ್ತದೆ ಎಂಬ ಒಪ್ಪಂದವಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಕಾರಣ ಬರೆಯುವುದರಿಂದ ಇನ್ನೊಂದು ಪ್ರಯೋಜನವಿದೆ, ಅದು ನನಗೆ ಬಹಳ ಸಲ ಆಗಿದೆ. ಬಾಣದ ನಿಯಮ ಮತ್ತು ಅದರ ಕಾರಣ ತಿಳಿದ ಡಿಸೈನರ್, ನೀವು ಗಮನಿಸದ ಬಾಣವನ್ನು ತಾವೇ ಹಿಡಿಯುತ್ತಾರೆ. ನಿಮ್ಮ ಡಯಾಗ್ರಾಮ್‌ನಲ್ಲಿ ಎಸ್‌ಎಂಎಸ್ ಸೇವೆಯಿಂದ ವರ್ಕರ್‌ಗೆ ಒಂದು ಬಾಣವಿದೆ. ಅದು ಸಂದೇಶ ತಲುಪಿತೆಂಬ ವರದಿಯೇ, ಅಥವಾ ತಿರುಗಿಹೋದ ಬಾಣವೇ ಎಂದು ಚಿತ್ರ ನೋಡಿ ನನಗೆ ತಿಳಿಯಲಿಲ್ಲ. ಬರಿಯ "ಉಲ್ಟಾ ಮಾಡಿ" ಎಂಬ ಪಟ್ಟಿ ಕೈಯಲ್ಲಿದ್ದರೆ ಡಿಸೈನರ್ ಅದನ್ನು ಕೇಳುವುದಿಲ್ಲ, ನಿಯಮ ಕೈಯಲ್ಲಿದ್ದರೆ ಕೇಳುತ್ತಾರೆ.

ಕೆಲವು ತಿದ್ದುಪಡಿಗಳಿಗೆ ಕಾರಣ ಬರೆಯಲು ಕೂತಾಗ ಕಾರಣವೇ ಸಿಗುವುದಿಲ್ಲ. ನಿಮ್ಮ ಪಟ್ಟಿಯ "ಡೇಟಾಬೇಸ್ ಕೆಳಗೆ ಬರಲಿ" ಎಂಬುದು ಅಂಥದ್ದು. ಡೇಟಾಬೇಸ್ ಕೆಳಗೇ ಇರುವ ಚಿತ್ರಗಳನ್ನು ನೋಡಿ ನೋಡಿ ನಮಗೆ ರೂಢಿಯಾಗಿದೆ, ಬೇರೆ ಕಾರಣವಿಲ್ಲ. ಹಾಗೆ ಬರೆಯಲಾಗದ ಸಾಲನ್ನು ನಾನು ಪಟ್ಟಿಯಿಂದ ತೆಗೆದುಬಿಡುತ್ತೇನೆ, ಹದಿನೇಳು ಆರಾದದ್ದು ಹೆಚ್ಚಾಗಿ ಹೀಗೆಯೇ. ಅರ್ಥ ಬದಲಿಸುವ ಐದು ಸಾಲುಗಳ ಬಗ್ಗೆ ಗಟ್ಟಿಯಾಗಿ ನಿಲ್ಲಬೇಕಾದರೆ ಉಳಿದದ್ದನ್ನು ಡಿಸೈನರ್‌ಗೆ ನಿಜವಾಗಿಯೂ ಬಿಟ್ಟುಕೊಡಬೇಕಾಗುತ್ತದೆ.

`v4` ಬಂದಾಗ ಚಿತ್ರವನ್ನು ಸುಮ್ಮನೆ ನೋಡಿ ಸರಿಯಿದೆ ಎನ್ನಬೇಡಿ. ಕಪ್ಪುಬಿಳುಪಿನಲ್ಲಿ ಒಂದು ಪ್ರತಿ ಮುದ್ರಿಸಿ, ನಿಮ್ಮ ಮೇಲನ್ನು ಪಕ್ಕದಲ್ಲಿಟ್ಟು, ಒಂದೊಂದು ಸಂಖ್ಯೆಗೂ ಬಾಣದ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗಿ. ಬಣ್ಣದಿಂದ ಮಾತ್ರ ಬೇರೆಯಾಗಿದ್ದ ಎರಡು ಗೆರೆಗಳು ಅಲ್ಲಿ ಒಂದೇ ಆಗಿ ಕಂಡರೆ ಅದೂ ಒಂದು ತಿದ್ದುಪಡಿ, ಏಕೆಂದರೆ ಬ್ಯಾಂಕಿನಲ್ಲಿ ಕಡತಕ್ಕೆ ಸೇರುವ ಪ್ರತಿ ಬಹುಮಟ್ಟಿಗೆ ಕಪ್ಪುಬಿಳುಪಿನದೇ. ಆಮೇಲೆ ಬರೆಯುವ ಉತ್ತರದಲ್ಲಿ ಹಳೆಯ ಸಂಖ್ಯೆಗಳನ್ನು ಬದಲಿಸಬೇಡಿ: "1, 2, 3, 5 ಸರಿಯಾಗಿವೆ, 4ರಲ್ಲಿ ಗೆರೆಯ ಮೇಲಿನ ಮಾತು ಬಿಟ್ಟುಹೋಗಿದೆ, ಹೊಸದು 7, ಎಸ್‌ಎಂಎಸ್ ಸೇವೆಯ ಬಾಣ" ಎಂದು ಮುಂದುವರಿಸಿ. ಎರಡನೆಯ ಸುತ್ತಿನಲ್ಲಿ ಮತ್ತೆ 1ರಿಂದ ಎಣಿಸಿದರೆ, "2 ಆಯಿತು" ಎಂದು ಅವರು ಬರೆದಾಗ ಯಾವ 2 ಎಂದು ಹುಡುಕುವ ಕೆಲಸ ಇಬ್ಬರಿಗೂ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ದಿನಗಳಲ್ಲೇ ಬ್ಯಾಂಕಿನ ಪರಿಶೀಲನೆ ಮುಗಿಸಿಕೊಂಡರೆ, ಬೋಟುಗಳು ಮತ್ತೆ ಕಡಲಿಗಿಳಿಯುವ ಹೊತ್ತಿಗೆ ವೆಬ್‌ಹುಕ್ ದಾರಿಯನ್ನು ಸಣ್ಣ ಮೊತ್ತದ ಒಂದೆರಡು ನಿಜವಾದ ಪಾವತಿಗಳಿಂದ ಪರೀಕ್ಷಿಸಲು ನಿಮಗೆ ಸಮಯ ಸಿಗುತ್ತದೆ.